ಶನಿವಾರದ ಬ್ರೇಕ್‌ಔಟ್‌ಗೆ ಸೋಮವಾರದ ಸಾಕ್ಷಿ

2022ರ ಜೂನ್ 18, ಶನಿವಾರ. ಬಿಟ್‌ಕಾಯಿನ್ ಬೆಲೆ 20,000 ಡಾಲರಿಗಿಂತ ಕೆಳಗಿಳಿಯಿತು. ಟ್ರೇಡರುಗಳ ಪಾಲಿಗೆ ಅದು ಬರೀ ದುಂಡು ಸಂಖ್ಯೆಯಲ್ಲ. 2017ರ ಡಿಸೆಂಬರಿನಲ್ಲಿ ಬಿಟ್‌ಕಾಯಿನ್ ಮುಟ್ಟಿದ್ದ ಶಿಖರ ಹೆಚ್ಚುಕಡಿಮೆ ಅಲ್ಲೇ ಇತ್ತು. ಹಿಂದಿನ ಏರಿಕೆಯ ತುದಿಗಿಂತ ಕೆಳಕ್ಕೆ ಬೆಲೆ ಎಂದೂ ಇಳಿಯುವುದಿಲ್ಲ ಎಂಬ ನಂಬಿಕೆಯೂ ಆತನಕ ಉಳಿದುಕೊಂಡು ಬಂದಿತ್ತು. ಗೆರೆ ಮುರಿದದ್ದೇ ತಡ, ಅದೇ ದಿನ ಬೆಲೆ 17,600ರ ಆಸುಪಾಸಿಗೆ ಬಂದು ನಿಂತಿತು.

ಚಾರ್ಟ್ ನಂಬಿದವರಿಗೆ ಇದು ಕಣ್ಣುಮುಚ್ಚಿ ಮಾರುವ ಗಳಿಗೆ. ಆದರೆ ಮಾರನೆಯ ದಿನ, ಭಾನುವಾರವೇ, ಬೆಲೆ ಮತ್ತೆ 20,000 ದಾಟಿತು. ಮಂಗಳವಾರದ ಹೊತ್ತಿಗೆ 21,000 ಮೀರಿತ್ತು. ಶನಿವಾರದ ಆ ತಳ ಮುರಿದದ್ದು ನವೆಂಬರಿನಲ್ಲಿ, ಎಫ್‌ಟಿಎಕ್ಸ್ ಎಕ್ಸ್‌ಚೇಂಜ್ ಕುಸಿದಾಗ.

ಬೆಲೆ ಬಹಳ ದಿನ ಒಂದು ಮಿತಿಯೊಳಗೆ ಓಡಾಡಿ, ಒಮ್ಮೆ ಆ ಮಿತಿಯನ್ನು ಮೇಲಕ್ಕೋ ಕೆಳಕ್ಕೋ ಒಡೆದು ಹೊರಬೀಳುವುದನ್ನು ಪೇಟೆಯವರು ಬ್ರೇಕ್‌ಔಟ್ ಎನ್ನುತ್ತಾರೆ. ಅದನ್ನು ನಂಬುವುದಕ್ಕೆ ಕಾರಣವೂ ಇದೆ. ಒಂದು ಬೆಲೆಯಲ್ಲಿ ಸಾಲುಗಟ್ಟಿ ನಿಂತಿದ್ದ ಮಾರಾಟಗಾರರನ್ನೆಲ್ಲ ಕೊಳ್ಳುವವರು ಮುಗಿಸಿದರು ಎಂದರೆ, ಕೊಳ್ಳುವವರ ಕೈ ಬಲವಾಗಿದೆ ಎಂದರ್ಥ. ತೊಡಕಿರುವುದು ಇಲ್ಲೇ. ಸಾಲಿನಲ್ಲಿ ನಿಂತವರೇ ಕಡಿಮೆಯಾಗಿದ್ದರೆ? ಸಂತೆಯ ಮರುದಿನ ಬಂದ ಒಬ್ಬ ಗಿರಾಕಿ ಉಳಿದ ಎರಡು ಬುಟ್ಟಿಯ ದರವನ್ನು ಏರಿಸಬಲ್ಲ, ಆದರೆ ಅದು ಊರಿನ ದರವಾಗುವುದಿಲ್ಲ.

ಕ್ರಿಪ್ಟೊ ಪೇಟೆಗೆ ಬಾಗಿಲೇ ಇಲ್ಲ, ವಾರದ ಏಳೂ ದಿನ ತೆರೆದಿರುತ್ತದೆ. ಅದರೊಳಗೆ ವ್ಯಾಪಾರ ಮಾಡುವ ದೊಡ್ಡವರಿಗೆ ಮಾತ್ರ ಬಾಗಿಲುಗಳಿವೆ. ಕೊಳ್ಳುವ, ಮಾರುವ ಎರಡೂ ಬದಿಗೆ ಸದಾ ಆರ್ಡರ್ ಇಟ್ಟು ನಡುವಿನ ಪೈಸೆ ವ್ಯತ್ಯಾಸದಲ್ಲಿ ದುಡಿಯುವ ಮಾರ್ಕೆಟ್ ಮೇಕರ್ ಸಂಸ್ಥೆಗಳನ್ನೇ ನೋಡಿ. ಕೊಂಡದ್ದರ ನಷ್ಟ ಮೈಮೇಲೆ ಬರದಂತೆ ಅವು ಬೇರೊಂದು ಕಡೆ ಎದುರು ವ್ಯವಹಾರ ಮಾಡಿಟ್ಟುಕೊಳ್ಳುತ್ತವೆ. ಷಿಕಾಗೋದ ಸಿಎಮ್‌ಇ ಫ್ಯೂಚರ್ಸ್ ಪೇಟೆ 2017ರಲ್ಲಿ ಬಿಟ್‌ಕಾಯಿನ್ ವ್ಯವಹಾರ ಶುರುಮಾಡಿದಂದಿನಿಂದ ವರ್ಷಗಟ್ಟಲೆ ಶುಕ್ರವಾರ ಮುಚ್ಚಿ ಭಾನುವಾರ ಸಂಜೆ ತೆರೆಯುತ್ತಿತ್ತು. ವಾರದ ಏಳೂ ದಿನ ತೆರೆದಿಡುವ ಯೋಜನೆಯನ್ನು ಅದು ಪ್ರಕಟಿಸಿದ್ದು 2025ರ ಅಕ್ಟೋಬರಿನಲ್ಲಿ. 2024ರ ಜನವರಿಯಲ್ಲಿ ಬಂದ ಅಮೆರಿಕದ ಬಿಟ್‌ಕಾಯಿನ್ ಇಟಿಎಫ್‌ಗಳಿಗೂ ಷೇರುಪೇಟೆಯದೇ ವೇಳೆ. ಶನಿವಾರ ಬ್ಯಾಂಕಿನಿಂದ ಡಾಲರನ್ನು ಎಕ್ಸ್‌ಚೇಂಜಿಗೆ ಕಳಿಸುವುದೂ ಸುಲಭವಲ್ಲ. ವಾರಾಂತ್ಯದಲ್ಲೂ ಡಾಲರ್ ದಾಟಿಸುತ್ತಿದ್ದ ಸಿಲ್ವರ್‌ಗೇಟ್, ಸಿಗ್ನೇಚರ್ ಬ್ಯಾಂಕುಗಳು 2023ರ ಮಾರ್ಚಿನಲ್ಲಿ ಮುಳುಗಿದವು. ಎದುರು ವ್ಯವಹಾರಕ್ಕೆ ದಾರಿಯಿಲ್ಲದಾಗ ಈ ಸಂಸ್ಥೆಗಳು ಅಂಗಡಿ ಮುಚ್ಚುವುದಿಲ್ಲ, ಆರ್ಡರುಗಳನ್ನು ಚಿಕ್ಕದು ಮಾಡಿ ದೂರದೂರ ಇಡುತ್ತವೆ. ಕೈಕೋ ಸಂಸ್ಥೆಯ ಲೆಕ್ಕದಂತೆ, ಬಿಟ್‌ಕಾಯಿನ್ ವಹಿವಾಟಿನಲ್ಲಿ ಶನಿವಾರ ಭಾನುವಾರಗಳ ಪಾಲು 2019ರಲ್ಲಿ ಶೇ. 28 ಇದ್ದದ್ದು 2024ರಲ್ಲಿ ಶೇ. 16ಕ್ಕೆ ಇಳಿದಿತ್ತು.

ವಾರಾಂತ್ಯಕ್ಕೆ ಮನೆಗೆ ಹೋಗದ ಒಂದು ವಸ್ತುವಿದೆ: ಸಾಲದ ಬಲದ ಪಣ. 20 ಪಟ್ಟು ಲಿವರೇಜ್ ಹಾಕಿದವನ ಬಂಡವಾಳ ಬೆಲೆ ಶೇ. 5ರಷ್ಟು ಎದುರು ಸರಿಯುವುದರೊಳಗೆ ಕರಗುತ್ತದೆ, ಎಕ್ಸ್‌ಚೇಂಜ್ ಅವನನ್ನು ಕೇಳದೆಯೇ ವ್ಯವಹಾರ ಮುಗಿಸುತ್ತದೆ. ಶುಕ್ರವಾರ ತೆರೆದ ಇಂಥ ಪಣಗಳು ಶನಿವಾರವೂ ಹಾಗೆಯೇ ಇರುತ್ತವೆ. ಅವುಗಳ ಹೊಡೆತ ತಾಳಿಕೊಳ್ಳುವ ಆರ್ಡರುಗಳು ಮಾತ್ರ ಇರುವುದಿಲ್ಲ.

ಒಂದು ಲೆಕ್ಕ ಕಲ್ಪಿಸಿಕೊಳ್ಳೋಣ. ಬೆಲೆ 60,000 ಡಾಲರ್, ಎಲ್ಲರ ಕಣ್ಣು 61,000ದ ಗೆರೆಯ ಮೇಲೆ. ನಡುವೆ ಬುಧವಾರ 500 ಬಿಟ್‌ಕಾಯಿನ್ ಮಾರಾಟಕ್ಕಿದ್ದರೆ ಶನಿವಾರ 200 ಮಾತ್ರ. 200 ಕೊಳ್ಳಬಲ್ಲ ಒಬ್ಬ ಬಂದರೆ ಗೆರೆ ಮುರಿಯಿತು. ಅದರ ಆಚೆಗೆ, ಬೆಲೆ ಇಳಿಯುತ್ತದೆಂದು ಪಣ ಕಟ್ಟಿದವರ ಸ್ಟಾಪ್‌ಲಾಸ್‌ಗಳು ಕೂತಿರುತ್ತವೆ. ಅವು ಒಂದೊಂದಾಗಿ ಸಿಡಿದಾಗ ಇನ್ನೂ 150 ಬಿಟ್‌ಕಾಯಿನ್ ಬಲವಂತದ ಖರೀದಿಯಾಗಿ ಬೆಲೆ 62,000 ತಲುಪಬಹುದು. ಚಾರ್ಟಿನಲ್ಲಿ ಉದ್ದನೆಯ ಹಸಿರು ಕಡ್ಡಿ ಮೂಡುತ್ತದೆ. ಆಮೇಲೆ? ಮನಸಾರೆ ಕೊಳ್ಳಬೇಕೆಂದವರು ಯಾರೂ ಉಳಿದಿರುವುದಿಲ್ಲ, ಬೆಲೆ ಬಂದ ದಾರಿಯಲ್ಲೇ ವಾಪಸಾಗುತ್ತದೆ.

ಜೂನ್ 2022ರಲ್ಲಿ ಇದೇ ಯಂತ್ರ ಉಲ್ಟಾ ತಿರುಗಿತು. ಸೆಲ್ಸಿಯಸ್ ಎಂಬ ಸಾಲದ ಸಂಸ್ಥೆ ಆರು ದಿನ ಮುಂಚೆಯಷ್ಟೇ ಗ್ರಾಹಕರ ಹಣ ಹಿಂಪಡೆಯುವಿಕೆಯನ್ನು ತಡೆಹಿಡಿದಿತ್ತು, ಅಂಜಿಕೆ ಎಲ್ಲೆಡೆ ಇತ್ತು. ಸಾಲದ್ದಕ್ಕೆ ಸೋಮವಾರ ಜೂನ್‌ಟೀನ್ತ್ ರಜೆ, ಅಂದರೆ ಅಮೆರಿಕದ ಬ್ಯಾಂಕು, ಷೇರುಪೇಟೆಗಳಿಗೆ ಮೂರು ದಿನ ಬೀಗ. ಕೆನಡಾದ ಪರ್ಪಸ್ ಬಿಟ್‌ಕಾಯಿನ್ ಇಟಿಎಫ್‌ನಿಂದ ಶುಕ್ರವಾರ 24,000ಕ್ಕೂ ಹೆಚ್ಚು ಬಿಟ್‌ಕಾಯಿನ್ ಹೊರಹೋಗಿತ್ತು. ಅದನ್ನು ಪಡೆದವರು ವಾರಾಂತ್ಯದಲ್ಲೇ ಮಾರಿ ಕೈತೊಳೆದುಕೊಂಡಿರಬಹುದೆಂದು ಬಿಟ್‌ಮೆಕ್ಸ್ ಎಕ್ಸ್‌ಚೇಂಜಿನ ಸಂಸ್ಥಾಪಕರಲ್ಲೊಬ್ಬರಾದ ಆರ್ಥರ್ ಹೇಯ್ಸ್ ಊಹಿಸಿದರು. ಊಹೆ ನಿಜವೋ ಅಲ್ಲವೋ, ಅಷ್ಟು ಮಾಲು ಬೀಳುವುದಕ್ಕೆ ಅದಕ್ಕಿಂತ ತೆಳುವಾದ ದಿನ ಸಿಗುವುದು ಕಷ್ಟ.

ಹಾಗಾದರೆ ಗುರುತಿಸುವುದು ಹೇಗೆ? ಬರೀ ವಾಲ್ಯೂಮ್ ನೋಡಿದರೆ ಸಾಲದು. ಚಾರ್ಟಿನ 20 ದಿನಗಳ ಸರಾಸರಿಯಲ್ಲಿ ವಾರದ ದಿನಗಳೇ ಹೆಚ್ಚಿರುವುದರಿಂದ ಶನಿವಾರ ಯಾವಾಗಲೂ ಬಡಕಲಾಗಿಯೇ ಕಾಣುತ್ತದೆ. ಶನಿವಾರವನ್ನು ಹಿಂದಿನ ಶನಿವಾರಗಳ ಜೊತೆಗೇ ತೂಗಬೇಕು. ಅದಕ್ಕಿಂತ ಹೆಚ್ಚು ಹೇಳುವುದು ಓಪನ್ ಇಂಟರೆಸ್ಟ್, ಅಂದರೆ ಇನ್ನೂ ಮುಗಿಯದ ಫ್ಯೂಚರ್ಸ್ ಪಣಗಳ ಒಟ್ಟು ಮೊತ್ತ. ಗೆರೆ ಮುರಿದು ಬೆಲೆ ಏರುತ್ತಿರುವಾಗಲೇ ಇದು ಧಡಕ್ಕನೆ ಇಳಿದರೆ, ಆದದ್ದು ಹೊಸಬರ ಖರೀದಿಯಲ್ಲ, ಸಿಕ್ಕಿಬಿದ್ದವರ ಬಿಡುಗಡೆ. ದಿನದ ಕಡ್ಡಿ ಗೆರೆಯ ಆಚೆಗೆ ಮುಗಿಯಲಿ ಎಂದು ಕಾಯುವ ಹಳೆಯ ನಿಯಮವೂ ಇಲ್ಲಿ ಅರ್ಧ ಕೆಲಸ ಮಾಡುತ್ತದೆ. ಬಹುತೇಕ ಚಾರ್ಟುಗಳಲ್ಲಿ ಕ್ರಿಪ್ಟೊ ದಿನ ಮುಗಿಯುವುದು ನಮ್ಮ ಬೆಳಗಿನ 5.30ಕ್ಕೆ. ನ್ಯೂಯಾರ್ಕ್ ಮನೆಗೆ ಹೋಗಿ ಏಷ್ಯಾ ಆಗಷ್ಟೇ ಏಳುತ್ತಿರುವ ಹೊತ್ತದು. ಆಗ ಮುಗಿದ ಭಾನುವಾರದ ಕಡ್ಡಿಗಿಂತ, ನಮ್ಮ ಸೋಮವಾರ ಸಂಜೆ ಅಮೆರಿಕ ವ್ಯಾಪಾರಕ್ಕೆ ಕೂತ ಮೇಲೂ ಬೆಲೆ ಗೆರೆಯ ಆಚೆಗೇ ನಿಂತಿದೆಯೇ ಎಂಬುದು ಗಟ್ಟಿ ಸಾಕ್ಷಿ.

ಕಾಯುವುದಕ್ಕೂ ಬೆಲೆಯುಂಟು. 2021ರ ಜುಲೈ 25ರ ಭಾನುವಾರ ಬಿಟ್‌ಕಾಯಿನ್ 35,000ದ ಹತ್ತಿರ ಮೇಲಕ್ಕೆ ಒತ್ತುತ್ತಿತ್ತು. ಭಾರತದಲ್ಲಿ ಸೋಮವಾರ ಬೆಳಗಾಗುವಷ್ಟರಲ್ಲಿ ಇಳಿಕೆಗೆ ಪಣ ಕಟ್ಟಿದವರೆಲ್ಲ ಸಿಕ್ಕಿಬಿದ್ದು ಬೆಲೆ 38,000 ದಾಟಿ ಹಾರಿತು. ಲಕ್ಷಣಗಳೆಲ್ಲ ಸುಳ್ಳು ಬ್ರೇಕ್‌ಔಟ್‌ನವೇ. ಆದರೆ ಅದು ಸುಳ್ಳಾಗಲಿಲ್ಲ, ಸೆಪ್ಟೆಂಬರ್ ಆರಂಭಕ್ಕೆ ಬಿಟ್‌ಕಾಯಿನ್ 52,000ದ ಮೇಲಿತ್ತು. ಸೋಮವಾರ ರಾತ್ರಿಯವರೆಗೆ ಕಾದವರಿಗೆ ಮೊದಲ ಜಿಗಿತ ತಪ್ಪಿತು. ಅಂದಿನ ಕಡ್ಡಿ ಮುಗಿದದ್ದು 37,000 ಡಾಲರಿನ ಸುಮಾರಿಗೆ, ಹಾಗಾಗಿ ಉಳಿದ ದಾರಿಯೆಲ್ಲ ಅವರಿಗೆ ತೆರೆದೇ ಇತ್ತು.

ಭಾರತದ ವ್ಯಾಪಾರಿಗೆ ಈ ಲೆಕ್ಕ ಇನ್ನೂ ಬಿಗಿ. 2022ರ ಏಪ್ರಿಲ್‌ನಿಂದ ಕ್ರಿಪ್ಟೊ ಕೊಂಡು ಮಾರಿದ ಲಾಭಕ್ಕೆ ಶೇ. 30 ತೆರಿಗೆ. ಒಂದು ನಾಣ್ಯದಲ್ಲಿ ಆದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ. ಶನಿವಾರದ ಸುಳ್ಳು ಬ್ರೇಕ್‌ಔಟ್‌ನಲ್ಲಿ 10,000 ರೂಪಾಯಿ ಕಳೆದುಕೊಂಡು ಬುಧವಾರ ಅಷ್ಟೇ ಗಳಿಸಿದವನು ಸರಿಸಮಕ್ಕೆ ಬಂದಂತಾಗುವುದಿಲ್ಲ. ಅವನು 3,000 ರೂಪಾಯಿ ತೆರಿಗೆಯನ್ನೂ ಅದರ ಮೇಲಿನ ಸೆಸ್ಸನ್ನೂ ಕಟ್ಟಬೇಕು.