ವಿಮಾನ ರದ್ದಾಯಿತು, ಹಣ ಬರಲಿಲ್ಲ: ದೂರು ಪತ್ರದಲ್ಲಿ ಏನಿರಬೇಕು?

2025ರ ಡಿಸೆಂಬರ್ ಮೊದಲ ವಾರ ಇಂಡಿಗೋ ಸಂಸ್ಥೆಯ ವಿಮಾನಗಳು ಒಂದರ ಹಿಂದೊಂದು ರದ್ದಾದಾಗ, ಬೆಂಗಳೂರಿನ ಕೆಂಪೇಗೌಡ ನಿಲ್ದಾಣವೂ ಸೇರಿ ದೇಶದ ಹಲವೆಡೆ ಪ್ರಯಾಣಿಕರು ದಿಕ್ಕು ತೋಚದೆ ಕುಳಿತರು. ಡಿಸೆಂಬರ್ 7ರ ರಾತ್ರಿ 8 ಗಂಟೆಯೊಳಗೆ ಬಾಕಿ ರೀಫಂಡ್ ಪೂರ್ತಿ ಕೊಟ್ಟು ಮುಗಿಸುವಂತೆ ಕೇಂದ್ರ ವಿಮಾನಯಾನ ಸಚಿವಾಲಯವೇ ಆದೇಶ ಹೊರಡಿಸಬೇಕಾಯಿತು. ಬೇರೆ ದಿನಗಳಲ್ಲಿ ಒಬ್ಬಿಬ್ಬರ ಹಣಕ್ಕಾಗಿ ಅಂಥ ಆದೇಶ ಹೊರಡುವುದಿಲ್ಲ. ಆಗ ಪ್ರಯಾಣಿಕರೇ ಪತ್ರ ಬರೆದು ಕೇಳಬೇಕು.

ಇಂಥ ಪತ್ರಗಳು ಹೆಚ್ಚಾಗಿ ಸೋಲುವುದು ಒಂದೇ ಕಾರಣಕ್ಕೆ. ರೀಫಂಡ್ ಮತ್ತು ಪರಿಹಾರ ಎರಡೂ ಅದರಲ್ಲಿ ಕಲಸಿಹೋಗಿರುತ್ತವೆ.

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎಯ ನಿಯಮದಲ್ಲಿ ಇವೆರಡೂ ಬೇರೆ ಬೇರೆ. ಸಂಸ್ಥೆಯೇ ವಿಮಾನ ರದ್ದು ಮಾಡಿದರೆ, ಪ್ರಯಾಣಿಕರು ಒಪ್ಪುವಂಥ ಬದಲಿ ವಿಮಾನ ಕೊಡಬೇಕು, ಇಲ್ಲವೇ ಪೂರ್ತಿ ಹಣ ಹಿಂದಿರುಗಿಸಬೇಕು. ಪರಿಹಾರ ಇದರ ಮೇಲಿನದು. ರದ್ದಾದ ಸುದ್ದಿಯನ್ನು ಕನಿಷ್ಠ 24 ಗಂಟೆ ಮೊದಲು ತಿಳಿಸದಿದ್ದರೆ ಅದನ್ನು ಕೇಳಬಹುದು. ಆದರೆ ಪ್ರವಾಹ, ಗಲಭೆ, ಸರ್ಕಾರದ ಆದೇಶದಂಥ ಕೈಮೀರಿದ ಕಾರಣವಿದ್ದರೆ ಪರಿಹಾರ ಸಿಗದು. ಎರಡನ್ನೂ ಒಟ್ಟಿಗೆ ಸೇರಿಸಿ ಕೇಳಿದಾಗ ಸಂಸ್ಥೆ ಹವಾಮಾನದ ನೆಪ ಹೇಳಿ ಇಡೀ ಪತ್ರವನ್ನೇ ತಳ್ಳಿಹಾಕುತ್ತದೆ. ಹವಾಮಾನ ಎಷ್ಟೇ ಕೆಟ್ಟಿರಲಿ, ಹಾರದ ವಿಮಾನದ ಟಿಕೆಟ್ ಹಣ ಪ್ರಯಾಣಿಕರದೇ.

ಒಂದು ಉದಾಹರಣೆ ನೋಡೋಣ. ಬೆಂಗಳೂರಿನಿಂದ ದೆಹಲಿಗೆ ಬೆಳಿಗ್ಗೆ 6.20ರ ವಿಮಾನ. ಟಿಕೆಟ್‌ಗೆ ಕೊಟ್ಟದ್ದು 7,840 ರೂಪಾಯಿ, ಅದರಲ್ಲಿ ಮೂಲ ದರ ಮತ್ತು ಇಂಧನ ಶುಲ್ಕ ಸೇರಿ 6,400. ಅದೇ ದಿನ ನಸುಕಿನ 3.40ಕ್ಕೆ ‘ಕಾರ್ಯಾಚರಣೆ ಕಾರಣಕ್ಕೆ ರದ್ದು’ ಎಂಬ ಸಂದೇಶ ಬರುತ್ತದೆ. ಮರುದಿನ ಸಂಜೆಯ ವಿಮಾನ ಕೊಡುತ್ತೇವೆಂದರೆ ಪ್ರಯಾಣಿಕರು ಒಪ್ಪುವುದಿಲ್ಲ. 14,200 ರೂಪಾಯಿ ಕೊಟ್ಟು ಬೇರೆ ವಿಮಾನ ಹತ್ತುತ್ತಾರೆ. ಹಣ ಕೇಳಿದಾಗ ‘ಇದು ರೀಫಂಡ್ ಇಲ್ಲದ ಟಿಕೆಟ್’ ಎಂಬ ಉತ್ತರ ಬರುತ್ತದೆ.

ಎರಡು ಗಂಟೆಗಿಂತ ದೀರ್ಘ ಹಾರಾಟವಾದ್ದರಿಂದ ಇಲ್ಲಿ ಪರಿಹಾರದ ಮಿತಿ 10,000 ರೂಪಾಯಿ. ಆದರೆ ಮೂಲ ದರ ಮತ್ತು ಇಂಧನ ಶುಲ್ಕದ ಮೊತ್ತ ಅದಕ್ಕಿಂತ ಕಡಿಮೆಯಿದ್ದರೆ ಅಷ್ಟೇ ಸಿಗುತ್ತದೆ. ಪತ್ರದ ಮುಖ್ಯ ಭಾಗ ಹೀಗಿರಬಹುದು:

“ನನ್ನ ವಿಮಾನವನ್ನು ರದ್ದು ಮಾಡಿದ್ದು ತಮ್ಮ ಸಂಸ್ಥೆ, ನಾನಲ್ಲ. ಹೊರಡುವ ಸಮಯ 6.20, ಸಂದೇಶ ಬಂದದ್ದು 3.40ಕ್ಕೆ. ಬದಲಿ ವಿಮಾನವನ್ನು ನಾನು ಒಪ್ಪಿಲ್ಲ. ಟಿಕೆಟ್ ಹಣ 7,840 ರೂಪಾಯಿಯನ್ನು ನಾನು ಪಾವತಿಸಿದ ಕಾರ್ಡಿಗೇ ಜಮಾ ಮಾಡಿ. 24 ಗಂಟೆ ಮೊದಲು ತಿಳಿಸದ ಕಾರಣ ಪ್ರತ್ಯೇಕವಾಗಿ 6,400 ರೂಪಾಯಿ ಪರಿಹಾರ ಕೊಡಿ. ಯಾವುದನ್ನಾದರೂ ನಿರಾಕರಿಸುವುದಾದರೆ ಯಾವ ನಿಯಮದ ಪ್ರಕಾರ ಎಂದು ಬರಹದಲ್ಲಿ ತಿಳಿಸಿ.”

ಇಲ್ಲಿ ಮೊದಲ ವಾಕ್ಯವೇ ಮುಖ್ಯ. ‘ರೀಫಂಡ್ ಇಲ್ಲ’ ಎಂಬ ಷರತ್ತು ಪ್ರಯಾಣಿಕರೇ ಟಿಕೆಟ್ ರದ್ದು ಮಾಡಿದಾಗ ಅನ್ವಯಿಸುವಂಥದ್ದು. ಹಾಗಾಗಿ ಗಡಿಬಿಡಿಯಲ್ಲಿ ಆ್ಯಪ್‌ನ ‘ಟಿಕೆಟ್ ರದ್ದುಮಾಡಿ’ ಗುಂಡಿ ಒತ್ತಿದರೆ ಕಷ್ಟ. ದಾಖಲೆಯಲ್ಲಿ ಪ್ರಯಾಣಿಕರೇ ಹಿಂದೆ ಸರಿದಂತಾಗಿ ಶುಲ್ಕ ಕಡಿತವಾಗಬಹುದು. ವಿಮಾನ ರದ್ದಾದ ಸಂದೇಶದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು, ಅಲ್ಲಿ ತೋರಿಸುವ ರೀಫಂಡ್ ಆಯ್ಕೆಯನ್ನೇ ಒತ್ತುವುದು ಕ್ಷೇಮ. ಮುಂದಿನ ಪ್ರಯಾಣಕ್ಕೆ ಬಳಸಿಕೊಳ್ಳುವಂತೆ ಸಂಸ್ಥೆ ಹಣವನ್ನು ತನ್ನಲ್ಲೇ ಇಟ್ಟುಕೊಳ್ಳುವ ‘ಕ್ರೆಡಿಟ್ ಶೆಲ್’ ಕೂಡ ಕಡ್ಡಾಯವಲ್ಲ, ಅದು ಪ್ರಯಾಣಿಕರ ಇಚ್ಛೆಗೆ ಬಿಟ್ಟದ್ದು. ಕ್ರೆಡಿಟ್ ಕಾರ್ಡ್‌ನಲ್ಲಿ ಕೊಂಡ ಟಿಕೆಟ್ ಹಣ 7 ದಿನದೊಳಗೆ ಮರಳಬೇಕೆಂಬ ನಿಯಮವಿದೆ. ಏಜೆಂಟರ ಮೂಲಕ ಕೊಂಡಿದ್ದರೂ ಹಣ ಹಿಂದಿರುಗಿಸುವ ಹೊಣೆ ವಿಮಾನ ಸಂಸ್ಥೆಯದೇ.

ಪತ್ರವನ್ನು ಸಂಸ್ಥೆಯ ನೋಡಲ್ ಅಧಿಕಾರಿಗೆ ಕಳುಹಿಸಬೇಕು. ಟಿಕೆಟ್, ಪಿಎನ್‌ಆರ್ ಸಂಖ್ಯೆ, ಸಂದೇಶದ ಚಿತ್ರ, ಹಣ ಕಟ್ಟಿದ ರಸೀದಿ ಜೊತೆಗಿರಲಿ. ಕಾರ್ಡಿನ ಪೂರ್ತಿ ಸಂಖ್ಯೆ ಮಾತ್ರ ಬರೆಯಬಾರದು. ಉತ್ತರ ಬರದಿದ್ದರೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರವಿದೆ, ಸರ್ಕಾರದ ಏರ್‌ಸೇವಾ ಪೋರ್ಟಲ್ ಇದೆ, 1915 ಗ್ರಾಹಕ ಸಹಾಯವಾಣಿಯೂ ಇದೆ.

ಬೇರೆ ವಿಮಾನಕ್ಕೆ ಹೆಚ್ಚುವರಿಯಾಗಿ ತೆತ್ತ 6,360 ರೂಪಾಯಿಯ ಗತಿ? ಡಿಜಿಸಿಎ ನಿಯಮದಲ್ಲಿ ಅದಕ್ಕೆ ಜಾಗವಿಲ್ಲ. ಅದನ್ನು ಸೇವಾ ನ್ಯೂನತೆಯಿಂದಾದ ನಷ್ಟವೆಂದು ಜಿಲ್ಲಾ ಗ್ರಾಹಕ ಆಯೋಗದಲ್ಲಿ ಕೇಳಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಪ್ರಯಾಣಿಕರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕಾಲಮಿತಿ ಎರಡು ವರ್ಷ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದ ಪ್ರಕರಣಗಳಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಸಂಸ್ಥೆಗೆ ಬರೆದ ಪತ್ರ ಮತ್ತು ಅದಕ್ಕೆ ಬಂದ ನಿರಾಕರಣೆಯ ಉತ್ತರವೇ ಅಲ್ಲಿ ಸಲ್ಲಿಸಬೇಕಾದ ಮುಖ್ಯ ದಾಖಲೆಗಳು.