ನಡುತೂತಿನ ಮೇಲೊಂದು ಹೆಸರು, ಕೆಳಗೊಂದು ಹೆಸರು

ಬೀಟಲ್ಸ್ ತಂಡದ ‘ಇಂಟ್ರೊಡ್ಯೂಸಿಂಗ್... ದಿ ಬೀಟಲ್ಸ್’ ಎಂಬ ಎಲ್‌ಪಿ ಮಾರಾಟಕ್ಕಿದೆ ಎಂಬ ಜಾಹೀರಾತು ಕಂಡರೆ, ಅದು ನಕಲಿಯೇ ಇರಬೇಕು ಎಂದುಕೊಂಡು ಫೋಟೊ ನೋಡಲು ಕೂರುವುದು ಒಳ್ಳೆಯದು. ಅಮೆರಿಕದಲ್ಲಿ ಅತಿ ಹೆಚ್ಚು ನಕಲಾದ ಎಲ್‌ಪಿಗಳ ಸಾಲಿನಲ್ಲಿ ಇದರದ್ದು ಮುಂಚೂಣಿಯ ಹೆಸರು. ಅಪರೂಪದ ಅಸಲಿ ಸ್ಟೀರಿಯೊ ಪ್ರತಿಗಳು ಸಾವಿರಾರು ಡಾಲರ್‌ಗೆ ಹೋಗುತ್ತವೆ. ನಕಲಿಗೆ ಆ ಬೆಲೆಯ ಒಂದು ಚೂರೂ ಇಲ್ಲ. ಹಳೆಯ ರೆಕಾರ್ಡುಗಳನ್ನು ಇಂದು ಬಹುಪಾಲು ಜನ ಕೈಯಲ್ಲಿ ಹಿಡಿದು ನೋಡಿ ಕೊಳ್ಳುವುದಿಲ್ಲ, ಫೋಟೊ ನೋಡಿ ಕೊಳ್ಳುತ್ತಾರೆ. ಹಾಗಾಗಿ ಯಾವ ಗುರುತು ಫೋಟೊದಲ್ಲಿ ನಿಜವಾಗಿ ಕಾಣುತ್ತದೆ, ಯಾವುದು ಕಂಡರೂ ನಂಬಬಾರದು ಎಂಬುದೇ ಇಲ್ಲಿ ಮುಖ್ಯ.

ಈ ರೆಕಾರ್ಡಿಗೆ ಇಷ್ಟೊಂದು ನಕಲುಗಳು ಹುಟ್ಟಿದ್ದಕ್ಕೆ ಕಾರಣ ಅದರ ಹುಟ್ಟಿನಲ್ಲೇ ಇದೆ. ಬ್ರಿಟನ್ನಿನ ಇ.ಎಂ.ಐ. ಕಂಪನಿಯದೇ ಅಮೆರಿಕನ್ ಶಾಖೆಯಾದ ಕ್ಯಾಪಿಟಲ್, ಮೊದಮೊದಲು ಬೀಟಲ್ಸ್ ಹಾಡುಗಳು ಬೇಡವೆಂದಿತು. ಆಗ ಅವು ಸಿಕ್ಕಿದ್ದು ಷಿಕಾಗೊದ ವೀ-ಜೇ ಎಂಬ ಸಣ್ಣ ಕಂಪನಿಗೆ. ಅದನ್ನು ನಡೆಸುತ್ತಿದ್ದವರು ವಿವಿಯನ್ ಕಾರ್ಟರ್ ಮತ್ತು ಜೇಮ್ಸ್ ಬ್ರ್ಯಾಕನ್ ಎಂಬ ಕರಿಯ ದಂಪತಿ. ಇಬ್ಬರ ಹೆಸರಿನ ಮೊದಲ ಅಕ್ಷರಗಳೇ ಕಂಪನಿಯ ಹೆಸರು. 1963ರಲ್ಲೇ ತಯಾರಿ ನಡೆದಿದ್ದ ಎಲ್‌ಪಿ ಹಣದ ಮುಗ್ಗಟ್ಟಿನಿಂದ ತಡವಾಗಿ, 1964ರ ಜನವರಿಯಲ್ಲಿ ಹೊರಬಂತು. ಅಷ್ಟು ಹೊತ್ತಿಗೆ ಕ್ಯಾಪಿಟಲ್ ಮನಸ್ಸು ಬದಲಾಯಿಸಿತ್ತು. ಎರಡು ಕಂಪನಿಗಳೂ ಕೋರ್ಟು ಹತ್ತಿದವು. ‘ಲವ್ ಮಿ ಡು’, ‘ಪಿ.ಎಸ್. ಐ ಲವ್ ಯು’ ಹಾಡುಗಳ ಪ್ರಕಟಣೆಯ ಹಕ್ಕು ಕ್ಯಾಪಿಟಲ್‌ನ ಕೈಯಲ್ಲಿದ್ದುದರಿಂದ ವೀ-ಜೇ ಅವೆರಡನ್ನೂ ತೆಗೆದು, ‘ಪ್ಲೀಸ್ ಪ್ಲೀಸ್ ಮಿ’, ‘ಆಸ್ಕ್ ಮಿ ವೈ’ ಸೇರಿಸಿ ಫೆಬ್ರವರಿಯಲ್ಲಿ ಮತ್ತೆ ಅಚ್ಚು ಹಾಕಿತು. ಅದೇ ವರ್ಷದ ಅಕ್ಟೋಬರಿನಲ್ಲಿ ವೀ-ಜೇಯ ಹಕ್ಕು ಮುಗಿಯಿತು. 1966ರಲ್ಲಿ ಕಂಪನಿಯೇ ದಿವಾಳಿಯಾಯಿತು.

ಅಂದರೆ ಅಸಲಿ ಪ್ರತಿಗಳು ಅಚ್ಚಾದದ್ದು ಹತ್ತು ತಿಂಗಳಿಗೂ ಕಡಿಮೆ ಅವಧಿಯಲ್ಲಿ. ಬೇಡಿಕೆ ವಿಪರೀತವಾಗಿದ್ದುದರಿಂದ ಬೇರೆ ಬೇರೆ ಊರಿನ ಕಾರ್ಖಾನೆಗಳು ಅವಸರದಲ್ಲಿ ಒತ್ತಿದವು. ಲೇಬಲ್‌ಗಳಲ್ಲಿ ಕೆಲವು ಅಂಚಿಗೆ ಕಾಮನಬಿಲ್ಲಿನ ಬಣ್ಣದ ಪಟ್ಟಿ ಇದ್ದವು, ಕೆಲವು ಬರೀ ಕಪ್ಪು. ಕಂಪನಿಯ ಮುದ್ರೆ ಕೆಲವದರಲ್ಲಿ ಮೊಟ್ಟೆಯಾಕಾರ, ಕೆಲವದರಲ್ಲಿ ಆವರಣ ಚಿಹ್ನೆಯೊಳಗೆ. ಕವರಿನ ಹಿಂಬದಿಯಂತೂ ಮೊದಲು ಕಂಪನಿಯ ಬೇರೆ ರೆಕಾರ್ಡುಗಳ ಜಾಹೀರಾತು, ಆಮೇಲೆ ಬರೀ ಬಿಳಿ, ಕೊನೆಗೆ ಹಾಡುಗಳ ಪಟ್ಟಿ. ಅಸಲಿಗೇ ಇಷ್ಟೊಂದು ಮುಖಗಳಿದ್ದಾಗ ನಕಲಿಯವನ ಕೆಲಸ ಹಗುರ. ಎಲ್ಲಿಯೋ ವ್ಯತ್ಯಾಸ ಕಂಡರೆ ‘ಇದು ಇನ್ನೊಂದು ಕಾರ್ಖಾನೆಯದು’ ಎಂಬ ಉತ್ತರ ಸಿದ್ಧವಿರುತ್ತದೆ. ಅಸಲಿ ಕಂಪನಿ ಮುಚ್ಚಿದ್ದರಿಂದ ಕೇಳುವವರೂ ಇರಲಿಲ್ಲ.

ಒಂದು ಮಾತನ್ನು ಇಲ್ಲೇ ಬಿಡಿಸಿಡಬೇಕು. ಬೂಟ್‌ಲೆಗ್ ಎಂದು ಜನ ಎಲ್ಲ ಕಳ್ಳ ಅಚ್ಚುಗಳನ್ನೂ ಕರೆಯುತ್ತಾರೆ. ಆದರೆ 1969ರಲ್ಲಿ ಬಂದ ‘ಗ್ರೇಟ್ ವೈಟ್ ವಂಡರ್’ನಂಥ ಬೂಟ್‌ಲೆಗ್ ಬೇರೆಯ ಜಾತಿ. ಬಾಬ್ ಡಿಲನ್‌ನ ಬಿಡುಗಡೆಯಾಗದ ಹಾಡುಗಳನ್ನು ಬಿಳಿ ಕವರಿಗೆ ರಬ್ಬರ್ ಸ್ಟಾಂಪು ಒತ್ತಿ ಮಾರಿದರು. ಅದು ಕಳ್ಳ ಮಾಲು ಎಂದು ಕೊಳ್ಳುವವನಿಗೂ ಗೊತ್ತಿತ್ತು. ವೀ-ಜೇ ನಕಲಿ ಹಾಗಲ್ಲ, ಅದು ತಾನೇ ಅಸಲಿ ಎಂದು ನಟಿಸುತ್ತದೆ. ನಟಿಸುವ ರೆಕಾರ್ಡನ್ನು ಹಿಡಿಯುವುದು ಹೇಗೆ ಎಂಬುದಷ್ಟೇ ಈ ಲೇಖನದ ವಿಷಯ.

ಮಾರುವವನೊಬ್ಬ ಮೂರು ಫೋಟೊ ಹಾಕಿದ್ದಾನೆ ಎಂದಿಟ್ಟುಕೊಳ್ಳೋಣ: ಕವರಿನ ಮುಂಬದಿ, ಲೇಬಲ್, ಲೇಬಲ್ಲಿನ ಸುತ್ತಲ ನುಣುಪು ಜಾಗ. ಎಲ್ಲರ ಕಣ್ಣೂ ಮೊದಲು ಕವರಿನ ಮೇಲೆ ಹೋಗುತ್ತದೆ. ನಾನಾದರೆ ಲೇಬಲ್ಲಿನಿಂದ ಶುರುಮಾಡುತ್ತೇನೆ. ಅಸಲಿ ಲೇಬಲ್‌ಗಳು ಎಷ್ಟೇ ಬಗೆಯಿದ್ದರೂ ಒಂದು ವಿಷಯದಲ್ಲಿ ಒಂದೇ: ರೆಕಾರ್ಡಿನ ಶೀರ್ಷಿಕೆ ಮತ್ತು ತಂಡದ ಹೆಸರು ಎರಡೂ ನಡುತೂತಿನ ಮೇಲ್ಗಡೆ ಇರುತ್ತವೆ. ಶೀರ್ಷಿಕೆ ಮೇಲೆ, ‘ದಿ ಬೀಟಲ್ಸ್’ ತೂತಿನ ಕೆಳಗೆ ಇದ್ದರೆ ಅದು ನಕಲಿ. ಈ ಒಂದೇ ಗುರುತು ಬಹುಪಾಲು ನಕಲಿಗಳನ್ನು ಹೊರಹಾಕುತ್ತದೆ. ಫೋಟೊ ಎಷ್ಟೇ ಮಂಕಾಗಿದ್ದರೂ, ದೀಪ ಯಾವ ಬಣ್ಣದ್ದಿದ್ದರೂ, ತೂತಿನ ಮೇಲಿನ ಸಾಲು ಕೆಳಗೆ ಇಳಿಯುವುದಿಲ್ಲ. ನಾನು ಅತ್ಯಂತ ಹೆಚ್ಚು ನಂಬುವುದು ಇಂಥ ಗುರುತುಗಳನ್ನೇ.

ಬಣ್ಣದ ಪಟ್ಟಿಯ ವಿಷಯ ಹಾಗಲ್ಲ. ನಕಲಿಗಳಲ್ಲಿ ಅದು ಎಷ್ಟೋ ಸಲ ಪೇಲವವಾಗಿ, ಬಣ್ಣಗಳು ಒಂದಕ್ಕೊಂದು ಹರಡಿಕೊಂಡು ಇರುತ್ತದೆ ಎಂಬುದು ನಿಜ. ಆದರೆ ಹಳದಿ ಬಲ್ಬಿನ ಕೆಳಗೆ ತೆಗೆದ ಅಸಲಿ ಪಟ್ಟಿಯೂ ಪೇಲವವಾಗಿ ಕಾಣುತ್ತದೆ. ಮೊಬೈಲ್ ಕ್ಯಾಮೆರಾ ತನ್ನಷ್ಟಕ್ಕೆ ತಾನೇ ಬಣ್ಣ ತಿದ್ದುತ್ತದೆ. ಆದ್ದರಿಂದ ಫೋಟೊದಲ್ಲಿನ ಬಣ್ಣದ ಮೇಲೆ ನಾನು ತೀರ್ಪು ಕೊಡುವುದಿಲ್ಲ. ಆದರೆ ಬಣ್ಣಗಳ ನಡುವಿನ ಗಡಿ ಎಷ್ಟು ಸ್ಪಷ್ಟ, ಸಣ್ಣ ಅಕ್ಷರಗಳ ಒಳಗಿನ ಖಾಲಿ ಜಾಗ ತುಂಬಿಹೋಗಿದೆಯೇ ಎಂದು ನೋಡಬಹುದು. ನಕಲು ಲೇಬಲ್ಲಿನಲ್ಲಿ ಅಕ್ಷರ ದಪ್ಪಗಾಗಿ ಮಸಿ ತುಂಬಿರುತ್ತದೆ.

ಹಾಗೇಕೆ ಆಗುತ್ತದೆ ಎಂಬುದು ಕವರಿನಲ್ಲಿ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಅಚ್ಚಾದ ಛಾಯಾಚಿತ್ರ ಎಂದರೆ ಕಣ್ಣಿಗೆ ಬೇರೆಯಾಗಿ ಕಾಣದ ಸಣ್ಣ ಸಣ್ಣ ಚುಕ್ಕೆಗಳ ಜೋಡಣೆ. ಅಸಲಿ ಕವರನ್ನು ಮೂಲ ಫೋಟೊದಿಂದ ಅಚ್ಚು ಹಾಕಿದ್ದಾರೆ. ನಕಲಿಯವನ ಬಳಿ ಮೂಲ ಫೋಟೊ ಇಲ್ಲ, ಅಂಗಡಿಯಲ್ಲಿ ಸಿಕ್ಕ ಕವರು ಮಾತ್ರ ಇದೆ. ಅದರ ಚುಕ್ಕೆಗಳನ್ನೇ ಮತ್ತೆ ಫೋಟೊ ತೆಗೆದು, ಮತ್ತೊಂದು ಚುಕ್ಕೆಯ ಜಾಲರಿ ಹಾಕಿ ಅಚ್ಚು ಮಾಡುತ್ತಾನೆ. ಜೆರಾಕ್ಸಿನ ಮೇಲೆ ಜೆರಾಕ್ಸು ತೆಗೆದ ಹಾಗೆ ಕಪ್ಪು ಇನ್ನಷ್ಟು ಕಪ್ಪಾಗುತ್ತದೆ, ತಿಳಿಬಣ್ಣ ಬಿಳಿಯಾಗಿ ಹೋಗುತ್ತದೆ, ನಡುವಿನ ಬೂದು ಛಾಯೆಗಳು ಉಳಿಯುವುದಿಲ್ಲ.

ಈ ಎಲ್‌ಪಿಯನ್ನು ಸಂಗ್ರಹಿಸುವವರೆಲ್ಲ ಹೇಳುವ ಒಂದು ಗುರುತು ಇದೇ ಕಾರಣಕ್ಕೆ ಹುಟ್ಟಿದ್ದು. ಅಸಲಿ ಕವರಿನಲ್ಲಿ ಜಾರ್ಜ್ ಹ್ಯಾರಿಸನ್‌ನ ಪಕ್ಕದಲ್ಲಿ ಹಿನ್ನೆಲೆಯ ಮೇಲೆ ಅವನ ಮೃದುವಾದ ನೆರಳು ಬಿದ್ದಿದೆ. ಅನೇಕ ನಕಲಿಗಳಲ್ಲಿ ಆ ನೆರಳೇ ಇಲ್ಲ. ಯಾರೂ ಬೇಕೆಂದು ಅಳಿಸಿದ್ದಲ್ಲ, ಎರಡನೇ ಸಲ ಅಚ್ಚಾಗುವಾಗ ಅಷ್ಟು ತೆಳುವಾದ ಛಾಯೆ ಕಳೆದುಹೋಗಿದೆ. ಆದರೆ ಇಲ್ಲಿ ಎಚ್ಚರ ಬೇಕು. ಫ್ಲಾಷ್ ಹಾಕಿ ತೆಗೆದ ಫೋಟೊದಲ್ಲಿ ಅಸಲಿ ಕವರಿನ ನೆರಳೂ ಬೆಳಕಿನಲ್ಲಿ ಮುಳುಗಬಹುದು. ಅಲ್ಲದೆ ಎಲ್ಲ ನಕಲಿಗಳೂ ಅಷ್ಟು ಕೆಟ್ಟದಾಗಿ ಅಚ್ಚಾಗಿಲ್ಲ. ನೆರಳು ಇಲ್ಲದಿದ್ದರೆ ಅನುಮಾನಿಸಿ. ಇದ್ದಮಾತ್ರಕ್ಕೆ ಹಣ ಕಳಿಸಬೇಡಿ.

ಚುಕ್ಕೆಯ ಮೇಲೆ ಚುಕ್ಕೆ ಬಿದ್ದಾಗ ಅಲೆಅಲೆಯಾದ ಚಿತ್ತಾರ ಮೂಡುವುದುಂಟು. ಫೋಟೊದಲ್ಲಿ ಅಂಥ ಅಲೆ ಕಂಡೊಡನೆ ನಕಲಿ ಎಂದು ಕೂಗುವವರಿದ್ದಾರೆ. ಆದರೆ ಕ್ಯಾಮೆರಾದ ಸೆನ್ಸರ್ ಕೂಡ ಒಂದು ಜಾಲರಿಯೇ. ಅಸಲಿ ಕವರನ್ನು ದೂರದಿಂದ ತೆಗೆದರೆ ಅದೇ ಅಲೆ ಏಳಬಹುದು. ಪರೀಕ್ಷೆ ಸುಲಭ: ಒಂದೇ ಜಾಗವನ್ನು ಹತ್ತಿರದಿಂದಲೂ ಸ್ವಲ್ಪ ದೂರದಿಂದಲೂ ತೆಗೆದು ಕಳಿಸಲು ಕೇಳಿ. ದೂರ ಬದಲಾದಂತೆ ಅಲೆಯ ಅಗಲ, ದಿಕ್ಕು ಬದಲಾದರೆ ಅದು ಕ್ಯಾಮೆರಾದ ಸೃಷ್ಟಿ. ಎಲ್ಲ ಫೋಟೊಗಳಲ್ಲೂ ಅದೇ ಮುಖದ ಅದೇ ಜಾಗದಲ್ಲಿ ಹಾಗೇ ನಿಂತಿದ್ದರೆ ಅದು ಕಾಗದದಲ್ಲೇ ಇದೆ. ಜೊತೆಗೆ ಕವರಿನ ಬಾಯಿಯ ಅಂಚಿನ ಫೋಟೊವನ್ನೂ ಕೇಳಿ. ಆ ಕಾಲದ ಅಮೆರಿಕದ ಕವರುಗಳಲ್ಲಿ ಅಚ್ಚಾದ ತೆಳು ಕಾಗದವನ್ನು ದಪ್ಪ ರಟ್ಟಿಗೆ ಅಂಟಿಸಿ, ಅಂಚನ್ನು ಮಡಚುತ್ತಿದ್ದರು. ಹಲವು ನಕಲಿಗಳಲ್ಲಿ ರಟ್ಟಿನ ಮೇಲೇ ನೇರವಾಗಿ ಅಚ್ಚಾಗಿದೆ.

ಇನ್ನು ಮೂರನೆಯ ಫೋಟೊ. ಹಾಡಿನ ಗೀರುಗಳು ಮುಗಿದ ಮೇಲೆ ಲೇಬಲ್ಲಿನವರೆಗೆ ಇರುವ ನುಣುಪು ಪಟ್ಟಿಯಲ್ಲಿ ಕೆಲವು ಅಂಕಿ, ಅಕ್ಷರಗಳಿರುತ್ತವೆ. ನಿಮ್ಮ ಮನೆಯಲ್ಲಿ ಹಳೆಯ ಎಚ್.ಎಂ.ವಿ. ಎಲ್‌ಪಿ ಇದ್ದರೆ ಅಡ್ಡ ಬೆಳಕಿಗೆ ಹಿಡಿದು ನೋಡಿ, ಅದರಲ್ಲೂ ಕಾಣುತ್ತದೆ. ಇವು ಕೊಳ್ಳುವವನಿಗಾಗಿ ಬರೆದವಲ್ಲ, ಕಾರ್ಖಾನೆಯ ಕೆಲಸಗಾರರಿಗೆ ಯಾವ ಅಚ್ಚು ಯಾವ ರೆಕಾರ್ಡಿನದು ಎಂದು ತಿಳಿಯಲು. ಧ್ವನಿಯನ್ನು ಮೊದಲು ಮೆತ್ತಗಿನ ಲೇಪವಿರುವ ತಟ್ಟೆಯಲ್ಲಿ ಕೊರೆಯುತ್ತಾರೆ. ಅದರಿಂದ ಲೋಹದ ಪಡಿಯಚ್ಚು, ಅದರಿಂದ ಇನ್ನೊಂದು, ಅದರಿಂದ ಕೊನೆಗೆ ವಿನೈಲ್ ಒತ್ತುವ ಅಚ್ಚು. ಒಂದೊಂದು ಹಂತಕ್ಕೂ ತಗ್ಗು ಉಬ್ಬಾಗುತ್ತದೆ, ಉಬ್ಬು ತಗ್ಗಾಗುತ್ತದೆ. ಹಾಗಾಗಿ ಮೊದಲ ತಟ್ಟೆಯಲ್ಲಿ ಗೀಚಿದ ಅಂಕಿ ರೆಕಾರ್ಡಿನಲ್ಲೂ ತಗ್ಗಾಗಿಯೇ ಇರುತ್ತದೆ. ಕೊನೆಯ ಅಚ್ಚಿನ ಮೇಲೆ ಕೊರೆದದ್ದು ಉಬ್ಬಿ ನಿಲ್ಲುತ್ತದೆ.

ವೀ-ಜೇಯ ಅಸಲಿ ಪ್ರತಿಗಳಲ್ಲಿ ಸಾಮಾನ್ಯವಾಗಿ ಯಂತ್ರದಿಂದ ಒತ್ತಿದ ಒಂದು ಮುದ್ರೆ ಇರುತ್ತದೆ: ‘ಆಡಿಯೊ ಮ್ಯಾಟ್ರಿಕ್ಸ್’ ಎಂಬ ಪದಗಳು, ಅಥವಾ ವೃತ್ತದೊಳಗೆ ಎಂ.ಆರ್. ಎಂಬ ಮೊನಾರ್ಕ್ ಕಾರ್ಖಾನೆಯ ಗುರುತು, ಅಥವಾ ಮಿಷಿಗನ್ನಿನ ಒವಾಸೊ ಊರಿನ ಅಮೆರಿಕನ್ ರೆಕಾರ್ಡ್ ಪ್ರೆಸ್ಸಿಂಗ್ ಕಂಪನಿಯ ಎ.ಆರ್.ಪಿ. ಅಕ್ಷರಗಳು. ಕೈಯಿಂದ ಗೀಚಿದ ಅಂಕಿಯನ್ನು ನೋಡಿಕೊಂಡು ಯಾರೂ ಮತ್ತೆ ಗೀಚಬಹುದು. ಯಂತ್ರದ ಮುದ್ರೆಗೆ ಉಕ್ಕಿನ ಪಡಿಯಚ್ಚು ಬೇಕು. ಮುದ್ರೆಯ ಗೆರೆಗಳು ಸಮನಾದ ಆಳದಲ್ಲಿ, ಸಮನಾದ ದಪ್ಪದಲ್ಲಿ ಇರುತ್ತವೆ. ಕೈಬರಹ ಶುರುವಿನಲ್ಲಿ ಆಳ, ಕೊನೆಗೆ ತೆಳು. ಮುದ್ರೆ ಇಲ್ಲ ಎಂಬುದೊಂದರಿಂದಲೇ ನಕಲಿ ಎನ್ನಲಾಗದು. ಆದರೆ ಲೇಬಲ್ಲಿನ ಮೇಲೆ ಆಗಲೇ ಅನುಮಾನ ಬಂದಿದ್ದು, ಇಲ್ಲಿಯೂ ಬರೀ ಕೈಬರಹ ಕಂಡರೆ ಮುಂದೆ ನೋಡುವುದೇ ಬೇಡ.

ಕಷ್ಟವೆಂದರೆ ಈ ಫೋಟೊ ಸರಿಯಾಗಿ ಬರುವುದೇ ಅಪರೂಪ. ನೇರ ಫ್ಲಾಷ್ ಹಾಕಿದರೆ ಕಪ್ಪು ವಿನೈಲ್ ಕನ್ನಡಿಯಾಗುತ್ತದೆ. ಕೋಣೆಯ ದೀಪ ಆರಿಸಿ, ಟಾರ್ಚನ್ನು ರೆಕಾರ್ಡಿನ ಮಟ್ಟಕ್ಕೇ ತಂದು ಪಕ್ಕದಿಂದ ಬೆಳಕು ಬಿಟ್ಟು, ಕ್ಯಾಮೆರಾವನ್ನು ಮೇಲಿಂದ ಹಿಡಿಯಬೇಕು. ಆಗ ಪ್ರತಿ ಗೀರಿಗೂ ಒಂದು ಕಡೆ ಹೊಳಪು, ಇನ್ನೊಂದು ಕಡೆ ನೆರಳು ಬರುತ್ತದೆ. ಟಾರ್ಚು ಎಡಗಡೆ ಇದ್ದಾಗ ಎಡ ಅಂಚು ಕಪ್ಪಾಗಿ ಬಲ ಅಂಚು ಹೊಳೆದರೆ ಅಕ್ಷರ ತಗ್ಗು. ಎಡ ಅಂಚೇ ಹೊಳೆದರೆ ಉಬ್ಬು. ಟಾರ್ಚು ಯಾವ ಕಡೆ ಇತ್ತೆಂದು ಗೊತ್ತಿಲ್ಲದೆ ಇದನ್ನು ಓದಲಾಗದು, ಕೇಳಿ ತಿಳಿದುಕೊಳ್ಳಬೇಕು.

ನಮ್ಮ ಮೂರು ಫೋಟೊಗಳಿಗೆ ಬರೋಣ. ಕವರಿನ ಮೇಲೆ ‘ಸ್ಟೀರಿಯೊಫೋನಿಕ್’ ಎಂದಿದೆ, ಜಾಹೀರಾತಿನ ಬೆಲೆಯೂ ಅದಕ್ಕೆ ತಕ್ಕ ಹಾಗಿದೆ. ಲೇಬಲ್ಲಿನಲ್ಲಿ ಸ್ಟೀರಿಯೊ ಎಂಬ ಪದವೇ ಇಲ್ಲ. ಈ ಹೊಂದಾಣಿಕೆಯಿಲ್ಲದ ಜೋಡಿ ವೀ-ಜೇ ನಕಲಿಗಳ ಹಳೆಯ ಚಾಳಿ: ಕವರು ಸ್ಟೀರಿಯೊ ಎನ್ನುತ್ತದೆ, ಒಳಗಿನ ರೆಕಾರ್ಡು ಮೊನೊ ನುಡಿಯುತ್ತದೆ. ತಂಡದ ಹೆಸರು ತೂತಿನ ಕೆಳಗಿದೆ. ನುಣುಪು ಪಟ್ಟಿಯಲ್ಲಿ ಕೈಬರಹದ ಅಂಕಿ ಬಿಟ್ಟರೆ ಯಾವ ಮುದ್ರೆಯೂ ಇಲ್ಲ. ಜಾರ್ಜ್‌ನ ನೆರಳು ಇದೆಯೋ ಇಲ್ಲವೋ ಎಂದು ಕಣ್ಣು ಕಿರಿದು ಮಾಡಿ ನೋಡುವ ಅಗತ್ಯ ಉಳಿಯಲಿಲ್ಲ.

ಎಲ್ಲ ಗುರುತುಗಳೂ ಸರಿಯಾಗಿದ್ದರೆ? ಆಗಲೂ ಒಂದು ಫೋಟೊ ಹೆಚ್ಚಿಗೆ ಕೇಳಿ. ಅಸಲಿ ಕವರಿಗೆ ನಕಲಿ ರೆಕಾರ್ಡು ತುಂಬಿಡುವುದು, ಮೊನೊ ರೆಕಾರ್ಡಿಗೆ ಸ್ಟೀರಿಯೊ ಕವರು ಜೋಡಿಸುವುದು ನಡೆಯುತ್ತದೆ. ಬೇರೆ ಬೇರೆ ಫೋಟೊಗಳಲ್ಲಿರುವ ಕವರು ಮತ್ತು ರೆಕಾರ್ಡು ಒಂದೇ ಮನೆಯಲ್ಲಿವೆ ಎಂಬುದಕ್ಕೂ ಸಾಕ್ಷಿ ಬೇಡವೇ? ರೆಕಾರ್ಡನ್ನು ಕವರಿನಿಂದ ಅರ್ಧ ಹೊರಗೆಳೆದು, ಲೇಬಲ್ ಮತ್ತು ಕವರು ಎರಡೂ ಒಟ್ಟಿಗೆ ಕಾಣುವಂತೆ, ಎರಡೂ ಬದಿಯ ಫೋಟೊ ತೆಗೆಸಿ. ಕವರಿನ ಮೂಲೆಯ ಮಡಿಕೆ, ಲೇಬಲ್ಲಿನ ಮೇಲಿನ ಕಲೆ ಮೊದಲ ಫೋಟೊಗಳಲ್ಲಿದ್ದ ಜಾಗದಲ್ಲೇ ಇವೆಯೇ ಎಂದು ತಾಳೆ ನೋಡಿದ ಮೇಲೆ ಬೆಲೆಯ ಮಾತಾಡಬಹುದು.