ಯಾವ ಹೋಂವರ್ಕ್, ಎಂಥ ಸಾಧನೆ?

‘ಹೋಂವರ್ಕ್ ಮತ್ತು ಶೈಕ್ಷಣಿಕ ಸಾಧನೆ: ಒಂದು ಅಧ್ಯಯನ.’ ಎಂ.ಇಡಿ. ಪ್ರಬಂಧಗಳ ಲೋಕದಲ್ಲಿ ಈ ಶೀರ್ಷಿಕೆಗೆ ಸಾವಿಲ್ಲ. ವಿಷಯ ಎಲ್ಲರಿಗೂ ಗೊತ್ತಿರುವಂಥದ್ದು, ಶಾಲೆಗೆ ಹೋಗಿ ಪ್ರಶ್ನಾವಳಿ ಹಂಚಿದರಾಯಿತು, ಅಂಕಗಳು ಹೇಗೂ ಹೆಡ್‌ಮಾಸ್ಟರ ಬೀರುವಿನಲ್ಲಿವೆ. ಆದರೆ ಇದರಲ್ಲಿ ಪ್ರಶ್ನೆಯೇ ಇಲ್ಲ. ಎರಡು ದೊಡ್ಡ ಮಾತುಗಳನ್ನು ಅಕ್ಕಪಕ್ಕ ಕೂರಿಸಿದೆ, ಅಷ್ಟೆ.

ಹಾಸನ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಗಳ ಎಂಟನೇ ತರಗತಿ, ವಿಷಯ ಗಣಿತ. ಒಬ್ಬ ಸಂಶೋಧಕಿ ಇಷ್ಟನ್ನು ಆರಿಸಿಕೊಂಡಿದ್ದಾಳೆ ಎಂದುಕೊಳ್ಳೋಣ. ಊರು, ತರಗತಿ, ವಿಷಯ ಗೊತ್ತಾದವು. ಇನ್ನು ಹೋಂವರ್ಕ್ ಎಂದರೆ ಏನನ್ನು ಅಳೆಯುವುದು? ಮೊದಲು ಹೊಳೆಯುವುದು ಸಮಯ. ‘ದಿನಕ್ಕೆ ಎಷ್ಟು ಹೊತ್ತು ಹೋಂವರ್ಕ್ ಮಾಡುತ್ತೀಯ?’ ಎಂದು ಕೇಳಿ, ಉತ್ತರವನ್ನು ಅಂಕದ ಪಕ್ಕ ಬರೆದುಕೊಳ್ಳುವುದು.

ಎಡವಟ್ಟಾಗುವುದು ಇಲ್ಲೇ. ಮೇಷ್ಟ್ರು ರೇಖಾತ್ಮಕ ಸಮೀಕರಣದ ಹತ್ತು ಲೆಕ್ಕ ಕೊಟ್ಟಿದ್ದಾರೆ. ಒಬ್ಬ ಹುಡುಗಿ ಇಪ್ಪತ್ತು ನಿಮಿಷದಲ್ಲಿ ಹತ್ತನ್ನೂ ಮುಗಿಸಿ ಆಟಕ್ಕೆ ಹೋಗುತ್ತಾಳೆ. ಇನ್ನೊಬ್ಬ ಒಂದೂವರೆ ಗಂಟೆ ಒದ್ದಾಡಿ, ಬರೆದು ಅಳಿಸಿ, ಐದರಲ್ಲಿ ನಿಲ್ಲುತ್ತಾನೆ. ಪ್ರಶ್ನಾವಳಿಯಲ್ಲಿ ಹೆಚ್ಚು ಹೋಂವರ್ಕ್ ಮಾಡುವವನು ಇವನೇ. ಪರೀಕ್ಷೆಯಲ್ಲಿ ಕಡಿಮೆ ಅಂಕ ಬರುವುದೂ ಇವನಿಗೇ. ಇಂಥ ಮಕ್ಕಳು ಹೆಚ್ಚಿದ್ದರೆ ಹೋಂವರ್ಕ್ ಮಾಡಿದಷ್ಟೂ ಅಂಕ ಇಳಿಯುತ್ತದೆ ಎಂಬ ಫಲಿತಾಂಶ ಬರುತ್ತದೆ. ಆಸ್ಪತ್ರೆಗೆ ಹೆಚ್ಚು ಸಲ ಹೋದವರಿಗೇ ಕಾಯಿಲೆ ಹೆಚ್ಚು, ಆದ್ದರಿಂದ ಆಸ್ಪತ್ರೆಯೇ ಕಾಯಿಲೆಗೆ ಕಾರಣ ಎಂದ ಹಾಗೆ.

ಜರ್ಮನಿಯ ಉಲ್‌ರಿಚ್ ಟ್ರೌಟ್‌ವೈನ್ 2007ರಲ್ಲಿ ಈ ಗಂಟನ್ನೇ ಬಿಡಿಸಲು ಹೊರಟರು. ಹೋಂವರ್ಕ್ ಎಷ್ಟು ಸಲ ಕೊಡುತ್ತಾರೆ, ಮಕ್ಕಳು ಎಷ್ಟು ಹೊತ್ತು ಕೂರುತ್ತಾರೆ, ಎಷ್ಟು ಶ್ರದ್ಧೆಯಿಂದ ಮಾಡುತ್ತಾರೆ ಎಂಬ ಮೂರನ್ನೂ ಬೇರೆಬೇರೆಯಾಗಿ ಅಳೆದರು. ಶ್ರದ್ಧೆ ಹೆಚ್ಚಿದ್ದಲ್ಲಿ ಸಾಧನೆಯೂ ಹೆಚ್ಚಿತ್ತು. ಸಮಯದ ಬಗ್ಗೆ ಹಾಗೆ ಹೇಳುವಂತಿರಲಿಲ್ಲ. ಒಂದೇ ಹೆಸರಿನಡಿ ಇರುವ ಮೂರು ಸಂಗತಿಗಳು ಮೂರು ದಿಕ್ಕಿಗೆ ಎಳೆಯುತ್ತಿದ್ದರೆ, ಯಾವುದನ್ನು ಅಳೆಯುತ್ತೇನೆ ಎಂದು ಹೇಳದ ಪ್ರಶ್ನೆಗೆ ಉತ್ತರ ಎಲ್ಲಿಂದ ಬರಬೇಕು?

ನಮ್ಮ ಸಂಶೋಧಕಿ ಸಮಯವನ್ನು ಬದಿಗಿಟ್ಟು, ಕೊಟ್ಟ ಲೆಕ್ಕಗಳಲ್ಲಿ ಮಾಡಿದ್ದೆಷ್ಟು ಎಂಬುದನ್ನು ಹಿಡಿಯುತ್ತಾಳೆ. ಇದನ್ನು ನೋಟ್‌ಬುಕ್ ನೋಡಿ ಎಣಿಸಬಹುದು, ಮಕ್ಕಳ ಅಂದಾಜನ್ನು ನಂಬಿ ಕೂರಬೇಕಿಲ್ಲ. ಆದರೆ ನೋಟ್‌ಬುಕ್ಕೂ ಸುಳ್ಳು ಹೇಳುತ್ತದೆ. ಬೆಳಗ್ಗೆ ಪ್ರಾರ್ಥನೆಗೆ ಮುಂಚೆ ಒಂದೇ ಪುಸ್ತಕ ನೋಡಿ ನಾಲ್ವರು ಬರೆದುಕೊಳ್ಳುವುದನ್ನು ಕಾಣದ ಶಾಲೆ ಎಲ್ಲಿದೆ? ಒಂದೇ ತಪ್ಪು ಹೆಜ್ಜೆ ಒಂದೇ ಜಾಗದಲ್ಲಿ ನಾಲ್ಕು ಪುಸ್ತಕಗಳಲ್ಲಿ ಕಂಡರೆ ಅನುಮಾನ ಪಡಬೇಕು. ವಾರಕ್ಕೊಮ್ಮೆ ಹೋಂವರ್ಕಿನದೇ ಒಂದು ಲೆಕ್ಕವನ್ನು ಸಂಖ್ಯೆ ಬದಲಿಸಿ ತರಗತಿಯಲ್ಲಿ ಮಾಡಿಸಿದರೆ ನಕಲಿನ ಪ್ರಮಾಣ ಸುಮಾರಾಗಿ ತಿಳಿಯುತ್ತದೆ. ಹಂತಗಳನ್ನು ತೋರಿಸಿದ ಲೆಕ್ಕವನ್ನಷ್ಟೇ ಎಣಿಸುತ್ತೇನೆ, ಬರೀ ಉತ್ತರವಿದ್ದರೆ ಬಿಡುತ್ತೇನೆ ಎಂಬ ನಿಯಮವನ್ನೂ ಮೊದಲೇ ಬರೆದಿಟ್ಟುಕೊಳ್ಳಬೇಕು.

ಸಾಧನೆಯ ಕಡೆಯೂ ಒಂದು ಗುಂಡಿಯಿದೆ. ಎಫ್‌ಎ ಅಂಕ ಕೈಗೆ ಸಿಗುವಂತಿರುತ್ತದೆ. ಆದರೆ ಅದರಲ್ಲಿ ಚಟುವಟಿಕೆಗಳಿಗೂ ಪಾಲಿದೆ. ಆ ಪಾಲಿನಲ್ಲಿ ಹೋಂವರ್ಕ್ ಪುಸ್ತಕ ನೋಡಿ ಕೊಟ್ಟ ಅಂಕ ಸೇರಿಕೊಂಡಿದ್ದರೆ ಹೋಂವರ್ಕನ್ನು ಹೋಂವರ್ಕಿನೊಂದಿಗೇ ಹೋಲಿಸಿದಂತಾಯಿತು. ಸಂಬಂಧ ಬರದೆ ಇನ್ನೇನಾದೀತು? ಆದ್ದರಿಂದ ಆಕೆ ಎಲ್ಲ ಶಾಲೆಗಳಿಗೂ ಒಂದೇ ಲಿಖಿತ ಪರೀಕ್ಷೆ ತಯಾರಿಸುತ್ತಾಳೆ. ಅದೇ ಮಟ್ಟದ ಇನ್ನೊಂದು ಪರೀಕ್ಷೆಯನ್ನು ಅಧ್ಯಯನ ಶುರುವಾಗುವ ಮುನ್ನ ಕೊಡುತ್ತಾಳೆ. ಜಾಣ ಮಕ್ಕಳು ಹೋಂವರ್ಕನ್ನೂ ಮುಗಿಸುತ್ತಾರೆ, ಅಂಕವನ್ನೂ ಗಳಿಸುತ್ತಾರೆ. ಮೊದಲ ಪರೀಕ್ಷೆಯ ಅಂಕವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಹೋಂವರ್ಕಿನ ಹೆಸರಿನಲ್ಲಿ ನಾವು ಅಳೆಯುವುದು ಆ ಜಾಣತನವನ್ನೇ.

ಈಗ ಪ್ರಶ್ನೆ ಹೀಗೆ ನಿಲ್ಲುತ್ತದೆ: ‘ಹಾಸನ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಗಳ ಎಂಟನೇ ತರಗತಿಯಲ್ಲಿ ಒಂದೇ ಮಟ್ಟದ ಆರಂಭಿಕ ಅಂಕವಿರುವ ಮಕ್ಕಳ ಪೈಕಿ, ಎಂಟು ವಾರಗಳ ಗಣಿತ ಹೋಂವರ್ಕನ್ನು ಹೆಚ್ಚು ಪೂರ್ಣಗೊಳಿಸಿದವರು ಕೊನೆಯ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆಯುತ್ತಾರೆಯೇ?’ ವಾಕ್ಯ ಉದ್ದವಾಯಿತು, ನಿಜ. ಆದರೆ ಯಾರನ್ನು, ಏನನ್ನು, ಎಷ್ಟು ಕಾಲ ನೋಡಬೇಕೆಂಬುದೆಲ್ಲ ಅದರಲ್ಲೇ ಇದೆ.

ಪ್ರಾಕ್ಕಲ್ಪನೆ ಈ ಪ್ರಶ್ನೆಗೆ ಮೊದಲೇ ಕೊಟ್ಟ ಉತ್ತರ. ಮೊದಲನೆಯದು: ಆರಂಭಿಕ ಅಂಕವನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಪೂರ್ಣಗೊಳಿಸಿದ ಪ್ರಮಾಣ ಹೆಚ್ಚಿದಂತೆ ಕೊನೆಯ ಅಂಕ ಹೆಚ್ಚುತ್ತದೆ. ಅದರ ಶೂನ್ಯ ಪ್ರಾಕ್ಕಲ್ಪನೆ: ಅಂಥ ಸಂಬಂಧವಿಲ್ಲ. ಬೇಕಿದ್ದರೆ ಎರಡನೆಯದು: ಹೋಂವರ್ಕಿಗೆ ಹಿಡಿದ ಸಮಯ ಹೆಚ್ಚಿದಂತೆ ಅಂಕ ಹೆಚ್ಚುವುದಿಲ್ಲ, ಇಳಿಯುತ್ತದೆ. ಎರಡೂ ದಿಕ್ಕನ್ನು ಹೇಳುತ್ತವೆ, ಹಾಗಾಗಿ ಎರಡೂ ಸೋಲಬಲ್ಲವು. ‘ಹೋಂವರ್ಕ್ ಮಕ್ಕಳ ಬೆಳವಣಿಗೆಗೆ ಪೂರಕ’ ಎಂಬಂಥ ಮಾತು ಯಾವ ಅಂಕಿಅಂಶ ಬಂದರೂ ಸೋಲುವುದಿಲ್ಲ. ಸೋಲದ್ದನ್ನು ಪರೀಕ್ಷಿಸುವುದಾದರೂ ಹೇಗೆ?

ಇದರ ಬದಲು ಅನೇಕ ಪ್ರಬಂಧಗಳಲ್ಲಿ ಕಾಣುವುದು ಶೂನ್ಯ ಪ್ರಾಕ್ಕಲ್ಪನೆಗಳ ಮೆರವಣಿಗೆ. ಗಂಡು–ಹೆಣ್ಣು ಮಕ್ಕಳ ನಡುವೆ ವ್ಯತ್ಯಾಸವಿಲ್ಲ, ಹಳ್ಳಿ–ಪಟ್ಟಣದ ನಡುವೆ ವ್ಯತ್ಯಾಸವಿಲ್ಲ, ಸರ್ಕಾರಿ–ಖಾಸಗಿ ನಡುವೆ ವ್ಯತ್ಯಾಸವಿಲ್ಲ. ವ್ಯತ್ಯಾಸ ಯಾಕಿರಬೇಕಿತ್ತು ಎಂದು ಕೇಳಿದರೆ ಉತ್ತರವಿರುವುದಿಲ್ಲ. 0.05 ಮಟ್ಟದಲ್ಲಿ ಇಂಥ ಇಪ್ಪತ್ತು ಪರೀಕ್ಷೆ ನಡೆಸಿದರೆ, ನಿಜವಾಗಿ ಏನೂ ಇಲ್ಲದಿದ್ದರೂ ಸರಾಸರಿ ಒಂದಾದರೂ ‘ಸಾರ್ಥಕ’ ಎಂದು ಹೊರಬೀಳುತ್ತದೆ. ಆಮೇಲೆ ಆ ಒಂದರ ಸುತ್ತ ಇಡೀ ಅಧ್ಯಾಯ ಹುಟ್ಟಿಕೊಳ್ಳುತ್ತದೆ.

ಎಷ್ಟು ಮಕ್ಕಳು ಬೇಕು ಎಂಬುದಕ್ಕೂ ಪ್ರಾಕ್ಕಲ್ಪನೆಯೇ ಆಧಾರ. ಅಮೆರಿಕದ ಹ್ಯಾರಿಸ್ ಕೂಪರ್ 1989ರಲ್ಲಿ ಅಲ್ಲಿನ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಹೋಂವರ್ಕ್ ಸಮಯ ಮತ್ತು ಸಾಧನೆಯ ಸಹಸಂಬಂಧ ಹೈಸ್ಕೂಲಿನ ಮೇಲಿನ ತರಗತಿಗಳಲ್ಲಿ ಸುಮಾರು 0.25 ಇತ್ತು, ಆರರಿಂದ ಒಂಬತ್ತರವರೆಗೆ ಬರೀ 0.07. ಸಾಮಾನ್ಯವಾಗಿ ಒಪ್ಪುವ ಲೆಕ್ಕಾಚಾರದಂತೆ 0.25ರ ಸಂಬಂಧ ಹಿಡಿಯಲು ಸುಮಾರು 125 ಮಕ್ಕಳು ಸಾಕು, 0.07 ಹಿಡಿಯಲು 1,600 ಬೇಕು. ಅರವತ್ತು ಮಕ್ಕಳನ್ನು ನೋಡಿ ‘ಹೋಂವರ್ಕಿನಿಂದ ಪ್ರಯೋಜನವಿಲ್ಲ’ ಎಂದು ಬರೆದರೆ, ಇಲ್ಲವೆಂದು ಗೊತ್ತಾದದ್ದಲ್ಲ, ಕಾಣಿಸಲಿಲ್ಲ ಅಷ್ಟೆ.

ಐದು ಶಾಲೆಗಳಿಂದ ನಲವತ್ತರಂತೆ ಇನ್ನೂರು ಮಕ್ಕಳನ್ನು ತೆಗೆದುಕೊಂಡಳೆನ್ನಿ. ಅವರಿಗೆ ಕಲಿಸುವವರು ಐದೇ ಮೇಷ್ಟ್ರು. ಒಬ್ಬರು ಹೆಚ್ಚು ಹೋಂವರ್ಕ್ ಕೊಟ್ಟು ಪಾಠವನ್ನೂ ಚೆನ್ನಾಗಿ ಮಾಡುವವರಾದರೆ, ಅಂಕ ಬಂದದ್ದು ಯಾವುದರಿಂದ? ಪ್ರತಿ ಮಗುವನ್ನು ಅದರ ತರಗತಿಯ ಸರಾಸರಿಯೊಂದಿಗೆ ಹೋಲಿಸಿದರೆ ಈ ಗೊಂದಲದಿಂದ ಬಹುಮಟ್ಟಿಗೆ ಪಾರಾಗಬಹುದು. ಹೆಚ್ಚು ಹೋಂವರ್ಕ್ ಕೊಡುವುದು ಒಳ್ಳೆಯದೇ ಎಂಬುದು ಬೇರೆಯೇ ಪ್ರಶ್ನೆ, ಅದನ್ನು ಐದು ಮೇಷ್ಟ್ರನ್ನು ನೋಡಿ ಉತ್ತರಿಸಲಾಗದು.

ಇಷ್ಟಾದರೂ ಪ್ರಬಂಧದ ಹೆಸರಿನಲ್ಲಿ ‘ಪರಿಣಾಮ’ ಎಂದು ಬರೆಯುವ ಹಕ್ಕು ಆಕೆಗಿಲ್ಲ. ಹೋಂವರ್ಕ್ ಮುಗಿಸುವ ಮಗುವಿಗೆ ಮನೆಯಲ್ಲಿ ಹೇಳಿಕೊಡುವ ಅಕ್ಕನಿರಬಹುದು, ಸಂಜೆ ಟ್ಯೂಷನ್ ಇರಬಹುದು. ಪರಿಣಾಮವೆಂದೇ ಹೇಳಬೇಕಿದ್ದರೆ ಚೀಟಿ ಎತ್ತಿ ಮಕ್ಕಳನ್ನು ಎರಡು ಗುಂಪು ಮಾಡಬೇಕು. ಒಂದು ಅಧ್ಯಾಯಕ್ಕೆ ಮೊದಲ ಗುಂಪಿಗೆ ಹೋಂವರ್ಕ್ ಕೊಟ್ಟು, ಮುಂದಿನ ಅಧ್ಯಾಯಕ್ಕೆ ಅದಲು ಬದಲು ಮಾಡಿದರೆ ಯಾರಿಗೂ ಅನ್ಯಾಯವಾಗದು. ಅದಕ್ಕೆ ಹೆಡ್‌ಮಾಸ್ಟರ ಒಪ್ಪಿಗೆ ಬೇಕು, ಹೋಂವರ್ಕ್ ಇಲ್ಲದ ಗುಂಪಿನ ಪಾಲಕರಿಗೆ ಮುಂಚೆಯೇ ಹೇಳಿರಬೇಕು. ಅಷ್ಟು ಬಿಡುವಿಲ್ಲವೆಂದರೆ ಶೀರ್ಷಿಕೆಯಲ್ಲಿ ‘ಸಂಬಂಧ’ ಎಂದಷ್ಟೇ ಬರೆದರೆ ಸಾಕು, ವೈವಾದಲ್ಲಿ ಅದನ್ನು ಸಮರ್ಥಿಸಿಕೊಳ್ಳುವುದೂ ಸುಲಭ.